ಹಿಡಿದದ್ದೂ ಬಂದದ್ದೂ: ಮನೋವೈದ್ಯದ ಮಾತಿಗೊಂದು ಕನ್ನಡ ಪದಕೋಶ

ಮಾನಸಿಕ ಕಾಯಿಲೆ ಇರುವ ವ್ಯಕ್ತಿಗೂ ಅವರು ನೇಮಿಸಿಕೊಂಡ ಪ್ರತಿನಿಧಿಗೂ ಕಾಯಿಲೆಯ ಸ್ವರೂಪವೇನು, ಕೊಡಲಿರುವ ಚಿಕಿತ್ಸೆ ಯಾವುದು, ಅದರ ಅಡ್ಡಪರಿಣಾಮಗಳೇನು ಎಂಬುದನ್ನು ತಿಳಿಯುವ ಹಕ್ಕಿದೆ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೆಯ ಸೆಕ್ಷನ್ ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಆ ಮಾಹಿತಿಯು ಕೇಳುವವರಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೂಪದಲ್ಲಿ ಇರಬೇಕೆಂದೂ ಅದು ವಿಧಿಸುತ್ತದೆ. ಕರ್ನಾಟಕದ ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಲ್ಲಿ ಈ ಮಾತಿಗೆ ಒಂದೇ ಅರ್ಥವಿದೆ: ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಬರೆದ ಕಾಯಿಲೆಯ ಹೆಸರನ್ನು ಕನ್ನಡದಲ್ಲಿ, ಎದುರಿಗೆ ಕುಳಿತವರ ಮನಸ್ಸಿಗೆ ಪೆಟ್ಟಾಗದ ಹಾಗೆ ಹೇಳಬೇಕು. ಹೇಳಲು ಹೊರಟ ವೈದ್ಯರ, ಶುಶ್ರೂಷಕಿಯ ಅಥವಾ ಸಮಾಜ ಕಾರ್ಯಕರ್ತರ ನಾಲಿಗೆಗೆ ಮೊದಲು ಬರುವ ಪದ ಬೈಗುಳವಾಗಿರುತ್ತದೆ; ಅದನ್ನು ತಪ್ಪಿಸಿದರೆ ಎರಡನೆಯದಾಗಿ ಬರುವ ಪದ ಯಾರಿಗೂ ತಿಳಿಯದ ಸಂಸ್ಕೃತ ಸಮಾಸವಾಗಿರುತ್ತದೆ. ಮನೋವೈದ್ಯಕೀಯ ಪದಗಳ ಇಂಗ್ಲಿಷ್–ಕನ್ನಡ ಪದಕೋಶವನ್ನು ರೋಗಿಗಳ ತಿಳಿವಳಿಕೆಗಾಗಿ ರೂಪಿಸುವ ಕೆಲಸ ಹುಟ್ಟುವುದು ಈ ಎರಡರ ನಡುವಿನ ಇಕ್ಕಟ್ಟಿನಲ್ಲಿ.

ಇಂಥ ಪದಕೋಶಕ್ಕೂ ವಿಶ್ವವಿದ್ಯಾಲಯದ ಪಾರಿಭಾಷಿಕ ನಿಘಂಟಿಗೂ ಮೂಲದಲ್ಲೇ ವ್ಯತ್ಯಾಸವಿದೆ. ಪಾರಿಭಾಷಿಕ ನಿಘಂಟು ಒಂದು ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದವನ್ನು ಎದುರು ನಿಲ್ಲಿಸಿ ತನ್ನ ಕೆಲಸ ಮುಗಿಯಿತೆಂದು ತಿಳಿಯುತ್ತದೆ, ಏಕೆಂದರೆ ಅದರ ಓದುಗ ವಿದ್ಯಾರ್ಥಿ ಅಥವಾ ಅನುವಾದಕ. ರೋಗಿಗಾಗಿ ಮಾಡುವ ಪದಕೋಶವಾದರೋ ಎರಡು ದಿಕ್ಕಿನಲ್ಲಿ ನಡೆಯಬೇಕಾಗುತ್ತದೆ. ಒಂದು ಕಡೆ, ರೋಗಿ ಮತ್ತು ಮನೆಯವರು ಆಡುವ ಮಾತು ವೈದ್ಯಕೀಯದ ಯಾವ ಲಕ್ಷಣವನ್ನು ಸೂಚಿಸುತ್ತಿದೆ ಎಂಬುದನ್ನು ಸಿಬ್ಬಂದಿಗೆ ತೋರಿಸಬೇಕು. ಇವನ್ನು ಕೇಳುವ ಪದಗಳು ಎನ್ನಬಹುದು. ಇನ್ನೊಂದು ಕಡೆ, ಸಿಬ್ಬಂದಿ ಅವರಿಗೆ ಏನೆಂದು ಹೇಳಬೇಕು ಎಂಬುದನ್ನು ಸೂಚಿಸಬೇಕು. ಇವು ಹೇಳುವ ಪದಗಳು. ‘ಗಾಳಿ ಸೋಕಿದೆ’ ಎಂಬ ಮಾತು ಕೇಳುವ ಪದಗಳ ಪಟ್ಟಿಯಲ್ಲಿ ಇರಲೇಬೇಕು, ಏಕೆಂದರೆ ಬಹಳ ಮಂದಿ ತಾಯಂದಿರು ಮಗನ ಹಠಾತ್ ಬದಲಾವಣೆಯನ್ನು ಹಾಗೆಂದೇ ವರ್ಣಿಸುತ್ತಾರೆ ಮತ್ತು ಆ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ವೈದ್ಯರು ಕಾಯಿಲೆ ಆರಂಭವಾದ ದಿನವನ್ನು ತಿಳಿಯುವ ಅವಕಾಶವನ್ನೂ ಜೊತೆಗೇ ತಳ್ಳಿಹಾಕುತ್ತಾರೆ. ಹೇಳುವ ಪದಗಳ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ. ಈ ಎರಡು ಪಟ್ಟಿಗಳನ್ನು ಒಂದರೊಳಗೊಂದು ಬೆರೆಸಿದ ಪದಕೋಶ ಎರಡೂ ಕೆಲಸಕ್ಕೆ ಒದಗುವುದಿಲ್ಲ.

ಹೇಳಬಾರದ ಪದಗಳ ಮೊದಲ ಸಾಲಿನಲ್ಲಿ ‘ಹುಚ್ಚು’ ನಿಲ್ಲುತ್ತದೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ಕನ್ನಡದಲ್ಲಿ ಈ ಪದ ಕಾಯಿಲೆಯ ಆಚೆಗೂ ಹರಡಿಕೊಂಡಿದೆ. ಹುಚ್ಚುನಾಯಿ, ಹುಚ್ಚುಹೊಳೆ, ಸಿನಿಮಾ ಹುಚ್ಚು, ಎಣ್ಣೆಯ ಕಾಳಾದ ಹುಚ್ಚೆಳ್ಳು ಇವೆಲ್ಲ ಇರುವಾಗ ಪದವನ್ನೇ ಭಾಷೆಯಿಂದ ಗಡೀಪಾರು ಮಾಡುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಹೆಚ್ಚು ಗಮನ ಬೇಡುವುದು ಆ ಪದದ ಸುತ್ತ ಇರುವ ವ್ಯಾಕರಣ. ಕನ್ನಡದಲ್ಲಿ ಜ್ವರ ‘ಬರುತ್ತದೆ’, ಗಾಯ ‘ಆಗುತ್ತದೆ’, ಸಕ್ಕರೆ ಕಾಯಿಲೆ ‘ಇರುತ್ತದೆ’. ಹುಚ್ಚು ಮಾತ್ರ ದೆವ್ವದಂತೆ, ಗ್ರಹಣದಂತೆ ‘ಹಿಡಿಯುತ್ತದೆ’. ಶೀತವೂ ಹಿಡಿಯುತ್ತದೆ ನಿಜ, ಆದರೆ ಅದು ತಾನಾಗಿ ಬಿಟ್ಟುಹೋಗುತ್ತದೆ. ದೆವ್ವವನ್ನೂ ಹುಚ್ಚನ್ನೂ ಯಾರಾದರೂ ‘ಬಿಡಿಸಬೇಕು’, ಮತ್ತು ಬಿಡಿಸುವುದೆಂದರೆ ಬೇವಿನ ಸೊಪ್ಪಿನಿಂದಲೋ ಬೆತ್ತದಿಂದಲೋ ಬಲಪ್ರಯೋಗ ನಡೆಯಬೇಕು ಎಂಬ ಸೂಚನೆ ಆ ಕ್ರಿಯಾಪದದಲ್ಲೇ ಅಡಗಿದೆ. ಹುಚ್ಚು ಬಿಡದ ಹೊರತು ಮದುವೆಯಾಗುವುದಿಲ್ಲ, ಮದುವೆಯಾಗದ ಹೊರತು ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ಜನ ತಮಾಷೆಗೆ ಬಳಸುತ್ತಾರಾದರೂ, ಕಾಯಿಲೆ ಇರುವ ಮಗನಿಗೋ ಮಗಳಿಗೋ ಮದುವೆ ಮಾಡಿದರೆ ಸರಿಹೋದೀತೆಂದು ವಿಷಯ ಮುಚ್ಚಿಟ್ಟು ಲಗ್ನ ಮಾಡುವ ಮನೆಗಳಲ್ಲಿ ಅದು ತಮಾಷೆಯಾಗಿ ಉಳಿದಿಲ್ಲ.

ಕ್ರಿಯಾಪದದ ನಂತರ ನೋಡಬೇಕಾದದ್ದು ನಾಮಪದ. ‘ಅವರಿಗೆ ರಕ್ತದೊತ್ತಡ ಇದೆ’ ಎನ್ನುವಾಗ ಚತುರ್ಥಿ ವಿಭಕ್ತಿಯು ವ್ಯಕ್ತಿಯನ್ನು ಒಂದು ಕಡೆ, ಕಾಯಿಲೆಯನ್ನು ಇನ್ನೊಂದು ಕಡೆ ಇಡುತ್ತದೆ; ‘ಹುಚ್ಚ’, ‘ಕುಡುಕ’ ಎನ್ನುವಾಗ ಆ ಅಂತರ ಅಳಿದು ಕಾಯಿಲೆಯೇ ವ್ಯಕ್ತಿಯಾಗಿಬಿಡುತ್ತದೆ. ವ್ಯಕ್ತಿ ಮೊದಲು, ಕಾಯಿಲೆ ಆಮೇಲೆ ಎಂಬ ನಿಯಮವನ್ನು ಇಂಗ್ಲಿಷ್ ಬರವಣಿಗೆ ಈಚಿನ ದಶಕಗಳಲ್ಲಿ ಪ್ರಯತ್ನಪೂರ್ವಕವಾಗಿ ರೂಢಿಸಿಕೊಂಡಿತು; ಕನ್ನಡಕ್ಕೆ ಅದು ‘-ಗೆ ಇದೆ’ ಎಂಬ ದಿನಬಳಕೆಯ ವಾಕ್ಯದಲ್ಲೇ ದೊರಕುತ್ತದೆ. ಹೀಗಿದ್ದೂ ಆಸ್ಪತ್ರೆಯ ಕರಪತ್ರಗಳು ‘ರೋಗಗ್ರಸ್ತ’, ‘ಖಿನ್ನತೆ ಪೀಡಿತ’ ಎಂಬ ರೂಪಗಳನ್ನು ಸಭ್ಯವೆಂದು ಭಾವಿಸಿ ಬಳಸುತ್ತವೆ. ಗ್ರಸ್ತ ಎಂದರೆ ನುಂಗಲ್ಪಟ್ಟದ್ದು, ರಾಹುವಿನ ಬಾಯಿಗೆ ಬಿದ್ದ ಚಂದ್ರನಿಗೆ ಸಲ್ಲುವ ವಿಶೇಷಣ. ಸಂಸ್ಕೃತದ ಉಡುಪು ತೊಟ್ಟಿದೆ ಎಂಬುದನ್ನು ಬಿಟ್ಟರೆ ಅದು ‘ಹಿಡಿದಿದೆ’ ಎಂಬುದಕ್ಕಿಂತ ಯಾವ ರೀತಿಯಲ್ಲೂ ಸೌಮ್ಯವಲ್ಲ.

ಹಳೆಯ ಪದ ಮಲಿನವಾಯಿತೆಂದು ಹೊಸ ಪದ ತಂದರೆ ಸ್ವಲ್ಪ ಕಾಲದಲ್ಲಿ ಅದೂ ಮಲಿನವಾಗುತ್ತದೆ ಎಂಬ ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು, ಏಕೆಂದರೆ ಅದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. ಮೈಸೂರು ಸಂಸ್ಥಾನದ ಸರ್ಕಾರ ಬೆಂಗಳೂರಿನ ‘ಲುನಾಟಿಕ್ ಅಸೈಲಮ್’ ಎಂಬ ಹೆಸರನ್ನು 1925ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಎಂದು ಬದಲಿಸಿತು. ಇಡೀ ಬ್ರಿಟಿಷ್ ಭಾರತದಲ್ಲಿ 1912ರ ಲುನಸಿ ಕಾಯ್ದೆ ಚಾಲ್ತಿಯಲ್ಲಿದ್ದ ಆ ಕಾಲಕ್ಕೆ ಇದು ಉದಾರವಾದ ನಡೆ. ಆ ಉದಾರ ಪದವೇ ಮುಂದೆ ‘ಮೆಂಟಲ್’ ಎಂಬ ಬೈಗುಳವಾಗಿ ಕನ್ನಡದ ಬೀದಿಗಿಳಿಯಿತು. ಆ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಕೂಡಿಸಿದ, ಸ್ವತಃ ಯಾವ ಅರ್ಥವೂ ಇಲ್ಲದ ಆ ಹೆಸರನ್ನೂ ಹುಡುಗರು ಜಗಳದಲ್ಲಿ ಗೆಳೆಯನನ್ನು ಚುಡಾಯಿಸಲು ಬಳಸಿಕೊಂಡರು. ಹೆಸರು ಬದಲಿಸುವಾಗ ಎಡವುವುದೂ ಉಂಟು. ‘ಅಂಗವಿಕಲ’ ಎಂಬುದು ಒರಟಾಯಿತೆಂದು ಕನ್ನಡದ ಆಡಳಿತ ಭಾಷೆ ‘ವಿಕಲಚೇತನ’ ಎಂಬುದನ್ನು ತಂದಿತು. ಮೊದಲಿನ ಪದದಲ್ಲಿ ಊನವಾಗಿದ್ದದ್ದು ಕೈಯೋ ಕಾಲೋ ಮಾತ್ರ, ಹೊಸ ಪದದಲ್ಲಿ ಚೇತನವೇ ಊನವಾಯಿತು. ಸದುದ್ದೇಶವೊಂದೇ ಒಳ್ಳೆಯ ಪದವನ್ನು ಹುಟ್ಟಿಸಲಾರದು ಎಂಬುದಕ್ಕೆ ಇದಕ್ಕಿಂತ ಚೊಕ್ಕವಾದ ನಿದರ್ಶನ ಸಿಗುವುದು ಕಷ್ಟ.

ಇನ್ನು ಒಂದೇ ಒಂದು ನಮೂದನ್ನು ಹಿಡಿದು ಕೊನೆಯವರೆಗೂ ನೋಡುವುದಾದರೆ ‘ಸ್ಕಿಜೋಫ್ರೇನಿಯಾ’ಕ್ಕಿಂತ ತಕ್ಕದ್ದು ಬೇರಿಲ್ಲ. ಜ್ಯೂರಿಕ್‌ನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಈ ಪದವನ್ನು ಕಟ್ಟಿದಾಗ, ಗ್ರೀಕಿನ ಸೀಳುವುದು ಮತ್ತು ಮನಸ್ಸು ಎಂಬ ಎರಡು ಧಾತುಗಳನ್ನು ಕೂಡಿಸಿದರು. ಒಬ್ಬ ಮನುಷ್ಯನೊಳಗೆ ಇಬ್ಬರಿರುತ್ತಾರೆಂದು ಹೇಳುವುದು ಅವರ ಉದ್ದೇಶವಾಗಿರಲಿಲ್ಲ. ಯೋಚನೆ, ಭಾವನೆ, ಸಂಕಲ್ಪ ಇವು ಜೊತೆಯಾಗಿ ನಡೆಯಬೇಕಾದವು ಒಂದಕ್ಕೊಂದು ಹೊಂದಿಕೆ ತಪ್ಪುತ್ತವೆ ಎಂಬುದಷ್ಟನ್ನೇ ಅವರು ಸೀಳು ಎಂದು ಕರೆದರು. ಕನ್ನಡದ ಅನುವಾದಕರು ಆ ಗ್ರೀಕ್ ಪದವನ್ನು ಬಹಳ ನಿಷ್ಠೆಯಿಂದ ಒಡೆದು ಕಟ್ಟಿದ್ದರಿಂದ ‘ಛಿದ್ರಮನಸ್ಕತೆ’ ಮತ್ತು ‘ಇಚ್ಚಿತ್ತ ವಿಕಲತೆ’ ಎಂಬ ರೂಪಗಳು ಬಂದವು. ಇಮ್ಮಡಿ, ಇಬ್ಬಗೆ ಎಂಬಲ್ಲಿರುವ ಎರಡರ ಅರ್ಥದ ಹಳೆಯ ‘ಇರ್’ ಇಲ್ಲಿ ಚಿತ್ತದೊಡನೆ ಕೂಡಿದೆ. ಪದರಚನೆಯಾಗಿ ನೋಡಿದರೆ ಇಚ್ಚಿತ್ತ ಎಂಬುದು ಸೊಗಸಾದದ್ದೇ. ಅದರ ದೋಷ ಅದರ ಸೊಗಸಿನಲ್ಲೇ ಇದೆ: ಅರ್ಥ ಬಿಡಿಸಿಕೊಳ್ಳಬಲ್ಲ ಓದುಗ ಅದನ್ನು ಎರಡು ಮನಸ್ಸು, ಎರಡು ವ್ಯಕ್ತಿತ್ವ ಎಂದೇ ಬಿಡಿಸಿಕೊಳ್ಳುತ್ತಾನೆ. 2004ರ ‘ಆಪ್ತಮಿತ್ರ’ ಚಿತ್ರದ ಗಂಗಾ ನಾಗವಲ್ಲಿಯಾಗಿ ಮಾರ್ಪಡುವುದನ್ನು ಕಂಡ ಕನ್ನಡಿಗರಿಗೆ ಆ ಚಿತ್ರಣ ಕಣ್ಣಿಗೆ ಕಟ್ಟಿದಂತಿದೆ. ಗಂಗಾಳದು ವ್ಯಕ್ತಿತ್ವ ಬೇರ್ಪಡುವ, ಬಹಳ ಅಪರೂಪದ, ಸ್ಕಿಜೋಫ್ರೇನಿಯಾಕ್ಕೆ ಸಂಬಂಧವಿಲ್ಲದ ಇನ್ನೊಂದು ಸ್ಥಿತಿ. ಮಗನ ಕಾಯಿಲೆಯ ಹೆಸರು ಇಚ್ಚಿತ್ತವೆಂದು ಕೇಳಿದ ತಂದೆ ಅವನೊಳಗಿನ ಎರಡನೆಯವನು ಯಾವಾಗ ಹೊರಬರುತ್ತಾನೋ ಎಂದು ರಾತ್ರಿ ಬಾಗಿಲಿಗೆ ಚಿಲಕ ಹಾಕಿಕೊಂಡು ಮಲಗಿದರೆ ತಪ್ಪು ತಂದೆಯದಲ್ಲ, ಪದದ್ದು.

ಇದೇ ತೊಡಕು ಜಪಾನಿನಲ್ಲೂ ಇತ್ತು. ಅಲ್ಲಿ ಬಳಕೆಯಲ್ಲಿದ್ದ ‘ಸೆಯ್‌ಶಿನ್ ಬುನ್‌ರೆತ್ಸು ಬ್ಯೋ’ ಎಂಬುದಕ್ಕೆ ಮನಸ್ಸು ಸೀಳಿದ ರೋಗ ಎಂದು ಅರ್ಥ. ರೋಗಿಗಳ ಕುಟುಂಬಗಳ ಒಕ್ಕೂಟ 1993ರಲ್ಲಿ ಬದಲಾವಣೆಗಾಗಿ ಕೇಳಿಕೊಂಡಿತು, ಮನೋವೈದ್ಯರ ಸಂಘ 2002ರಲ್ಲಿ ‘ತೋಗೋ ಶಿಚ್ಚೋ ಶೋ’, ಎಂದರೆ ಹೊಂದಿಕೆ ತಪ್ಪಿದ ಸ್ಥಿತಿ, ಎಂಬ ಹೆಸರನ್ನು ಒಪ್ಪಿಕೊಂಡಿತು. ಅದರಿಂದಾದ ಅತ್ಯಂತ ಸ್ಪಷ್ಟ ಬದಲಾವಣೆ ವೈದ್ಯರಲ್ಲಿ ಕಾಣಿಸಿತು: ರೋಗಿಗೆ ಕಾಯಿಲೆಯ ಹೆಸರನ್ನು ತಿಳಿಸುವ ಪ್ರಮಾಣ ಮೊದಲು ಶೇಕಡ 37ರ ಆಸುಪಾಸಿನಲ್ಲಿದ್ದದ್ದು ಮೂರು ವರ್ಷಗಳಲ್ಲಿ ಶೇಕಡ 70ರ ಸಮೀಪಕ್ಕೆ ಬಂದಿತು. ಹಳೆಯ ಹೆಸರನ್ನು ಹೇಳಲು ವೈದ್ಯರೇ ಅಂಜುತ್ತಿದ್ದರೆಂದು ಇದರಿಂದ ಊಹಿಸಬಹುದು. ಪತ್ರಿಕೆಗಳು ಆ ಕಾಯಿಲೆಯನ್ನು ಅಪರಾಧದ ಸುದ್ದಿಯೊಂದಿಗೆ ಜೋಡಿಸುವ ರೂಢಿಯನ್ನು ಮಾತ್ರ ಹೊಸ ಹೆಸರೊಂದೇ ನಿಲ್ಲಿಸಲಿಲ್ಲ.

ಕನ್ನಡದ ಪದಕೋಶಕ್ಕೆ ಜಪಾನಿನ ದಾರಿ ನೇರವಾಗಿ ಒದಗುವುದಿಲ್ಲ, ಏಕೆಂದರೆ ಇಲ್ಲಿ ಚೀಟಿ, ಡಿಸ್ಚಾರ್ಜ್ ಪತ್ರ, ಅಂಗವೈಕಲ್ಯ ಪ್ರಮಾಣಪತ್ರ ಎಲ್ಲದರಲ್ಲೂ ಇಂಗ್ಲಿಷ್ ಹೆಸರೇ ಇರುತ್ತದೆ. ಕುಟುಂಬದವರು ಕನ್ನಡದ ಹೊಸ ಹೆಸರನ್ನಷ್ಟೇ ಕಲಿತರೆ ಕೈಯಲ್ಲಿರುವ ಕಾಗದಕ್ಕೂ ತಾವು ಕೇಳಿದ್ದಕ್ಕೂ ನಂಟು ಸಿಗದೆ, ಮಗನಿಗೆ ಎರಡು ಕಾಯಿಲೆಗಳಿವೆ ಎಂದು ತಿಳಿಯುವ ಸಂಭವವಿದೆ. ಆದ್ದರಿಂದ ಕಾಯಿಲೆಯ ಹೆಸರನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಉಳಿಸಿಕೊಂಡು, ಅದರ ಕೆಳಗೆ ಸಮಾನಪದದ ಬದಲು ಒಂದು ಪೂರ್ಣ ವಾಕ್ಯವನ್ನು ಕೊಡುವುದು ಸರಿಯಾದ ಕ್ರಮ. ಬಿಪಿ, ಶುಗರ್, ಕ್ಯಾನ್ಸರ್, ಥೈರಾಯ್ಡ್ ಎಂಬ ಹೆಸರುಗಳು ಹಳ್ಳಿಗಳಲ್ಲೂ ಕನ್ನಡದ ಪದಗಳೇ ಆಗಿವೆ. ಕನ್ನಡಾಭಿಮಾನದ ದೃಷ್ಟಿಯಿಂದ ಇದು ಸೋಲೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಅಭಿಮಾನ ತೋರಬೇಕಾದ ಜಾಗ ಹೆಸರಲ್ಲ, ಲಕ್ಷಣಗಳ ವಿವರಣೆ.

ಆ ವಿವರಣೆಯಲ್ಲಿ ಎಡವಿಸುವ ಕಲ್ಲು ‘ಭ್ರಮೆ’. ವೈದ್ಯಕೀಯದಲ್ಲಿ ಮೂರು ಬೇರೆ ಬೇರೆ ಅನುಭವಗಳಿಗೆ ಮೂರು ಹೆಸರುಗಳಿವೆ, ಕನ್ನಡದ ಕರಪತ್ರಗಳು ಆ ಮೂರನ್ನೂ ಭ್ರಮೆ, ಭ್ರಾಂತಿ, ಮಿಥ್ಯೆ ಎಂಬ ಪದಗಳಲ್ಲಿ ಅದಲುಬದಲಾಗಿ ಇಡುತ್ತವೆ. ವ್ಯತ್ಯಾಸ ತಿಳಿಸಲು ವೇದಾಂತದ ಹಳೆಯ ಹಗ್ಗ–ಹಾವಿನ ದೃಷ್ಟಾಂತಕ್ಕಿಂತ ಹತ್ತಿರದ್ದು ಬೇಡ. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಂಡರೆ ಅಲ್ಲಿ ಹಗ್ಗವೆಂಬ ವಸ್ತುವಿದೆ, ತಪ್ಪಿದ್ದು ಗ್ರಹಿಕೆ. ಇದು ‘ಇಲ್ಯೂಷನ್’, ಆರೋಗ್ಯವಂತರಿಗೂ ಆಗುವಂಥದ್ದು. ಹಗ್ಗವೇ ಇಲ್ಲದ ಬರಿ ನೆಲದ ಮೇಲೆ ಹಾವು ಕಂಡರೆ, ಅಥವಾ ಯಾರೂ ಇಲ್ಲದ ಕೋಣೆಯಲ್ಲಿ ಬುಸುಗುಟ್ಟುವ ಸದ್ದು ಕೇಳಿಸಿದರೆ, ಅದು ‘ಹ್ಯಾಲೂಸಿನೇಷನ್’. ಹಗ್ಗವೂ ಇಲ್ಲದೆ, ಹಾವೂ ಕಾಣದೆ, ಪಕ್ಕದ ಮನೆಯವರು ತನ್ನನ್ನು ಕೊಲ್ಲಿಸಲು ದಿನಾ ರಾತ್ರಿ ಹಾವು ಬಿಡುತ್ತಿದ್ದಾರೆಂದು ಒಬ್ಬರು ದೃಢವಾಗಿ ನಂಬಿ, ಎಷ್ಟು ಪುರಾವೆ ತೋರಿಸಿದರೂ ಆ ನಂಬಿಕೆ ಅಲುಗಾಡದಿದ್ದರೆ ಅದು ‘ಡೆಲ್ಯೂಷನ್’. ಮೊದಲನೆಯದು ಗ್ರಹಿಕೆಯ ತಪ್ಪು, ಎರಡನೆಯದು ವಸ್ತುವಿಲ್ಲದ ಅನುಭವ, ಮೂರನೆಯದು ಅನುಭವವೇ ಅಲ್ಲ, ನಂಬಿಕೆ. ಹಗ್ಗ–ಹಾವಿನ ಮಾತನ್ನು ಕೇಳಿ ಬೆಳೆದ ಕನ್ನಡಿಗರು ಹ್ಯಾಲೂಸಿನೇಷನ್ ಎಂದರೂ ಅದೇ ಎಂದು ತಿಳಿಯುವುದು ಸಹಜವಾದ್ದರಿಂದ, ಅದು ಅಲ್ಲವೆಂದು ಹೇಳಿಯೇ ಮುಂದುವರಿಯಬೇಕಾಗುತ್ತದೆ.

ಭ್ರಮೆ ಎಂಬ ಪದಕ್ಕೆ ಇನ್ನೊಂದು ದೋಷವೂ ಇದೆ. ದಿನದ ಮಾತಿನಲ್ಲಿ ‘ನಿನಗೆಲ್ಲೋ ಭ್ರಮೆ’ ಎಂದರೆ ಸುಮ್ಮನಿರು, ನೀನು ಹೇಳಿದ್ದು ಸುಳ್ಳು ಎಂದರ್ಥ. ಕಿವಿಯಲ್ಲಿ ಬೈಗುಳ ಕೇಳಿಸಿಕೊಳ್ಳುತ್ತಿರುವ ವ್ಯಕ್ತಿಗೆ ಆ ದನಿ ವೈದ್ಯರ ದನಿಯಷ್ಟೇ ಸ್ಪಷ್ಟವಾಗಿರುತ್ತದೆ. ಅದನ್ನು ಭ್ರಮೆಯೆಂದ ಕೂಡಲೇ ಅವರು ತಮ್ಮನ್ನು ಸುಳ್ಳುಗಾರರೆಂದು ಕರೆದಂತೆ ಕೇಳಿಸಿಕೊಂಡು ಮಾತು ನಿಲ್ಲಿಸುತ್ತಾರೆ. ಆದ್ದರಿಂದ ಹೇಳುವ ಪದವಾಗಿ ‘ಯಾರೂ ಮಾತಾಡದಿದ್ದಾಗಲೂ ಮಾತು ಕೇಳಿಸುವುದು’ ಎಂಬುದನ್ನೂ, ಡೆಲ್ಯೂಷನ್‌ಗೆ ‘ಬೇರೆಯವರು ಎಷ್ಟು ಹೇಳಿದರೂ ಬದಲಾಗದ, ನಿಜವಲ್ಲದ ಗಟ್ಟಿ ನಂಬಿಕೆ’ ಎಂಬುದನ್ನೂ ಇಡುವುದು ಉದ್ದವಾದರೂ ಸುರಕ್ಷಿತ. ಇಲ್ಲೊಂದು ಎಚ್ಚರಿಕೆಯ ಸಾಲು ಸೇರಿಸಬೇಕು: ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದು, ಭೂತಕೋಲದ ಆವೇಶ ಇಂಥವು ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿದ್ದು ಆ ಸಂದರ್ಭದಲ್ಲೇ ಮುಗಿಯುವುದಾದರೆ ಅವನ್ನು ಕಾಯಿಲೆಯ ಲಕ್ಷಣವೆಂದು ಎಣಿಸುವುದಿಲ್ಲ.

ಈಗ ನಮೂದಿನ ಮೊದಲ ಕರಡನ್ನು ನೋಡಬಹುದು. ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು ಬರೆದರೆ ಅದು ಸಾಮಾನ್ಯವಾಗಿ ಹೀಗಿರುತ್ತದೆ: ‘ಇಚ್ಚಿತ್ತ ವಿಕಲತೆ: ಭ್ರಮೆ, ಭ್ರಾಂತಿ, ಅಸಂಬದ್ಧ ಪ್ರಲಾಪ ಹಾಗೂ ವಿಲಕ್ಷಣ ವರ್ತನೆಗಳಿಂದ ಕೂಡಿದ ತೀವ್ರ ಮನೋರೋಗ. ರೋಗಿಯು ವಾಸ್ತವದ ಅರಿವನ್ನು ಕಳೆದುಕೊಂಡಿರುತ್ತಾನೆ.’ ಇದರಲ್ಲಿ ಒಂದೂ ಬೈಗುಳವಿಲ್ಲ, ಆದರೂ ಇಡೀ ನಮೂದು ಕಳಂಕ ಹೊರಿಸುತ್ತದೆ. ‘ಪ್ರಲಾಪ’ ಮತ್ತು ‘ವಿಲಕ್ಷಣ’ ಎಂಬವು ಲಕ್ಷಣಗಳಲ್ಲ, ನೋಡುವವನ ತೀರ್ಪುಗಳು. ‘ಕಳೆದುಕೊಂಡಿರುತ್ತಾನೆ’ ಎಂಬ ಕ್ರಿಯಾಪದ ಹೋದದ್ದು ಮರಳಿ ಬಾರದು ಎಂಬ ಧ್ವನಿ ಕೊಡುತ್ತದೆ. ಮಧುಮೇಹದ ಕರಪತ್ರದಲ್ಲಿ ‘ಅವರು’ ಎನಿಸಿಕೊಳ್ಳುವ ರೋಗಿ ಇಲ್ಲಿ ಏಕವಚನಕ್ಕೆ ಇಳಿದಿದ್ದಾನೆ; ಕನ್ನಡದಲ್ಲಿ ಅಗೌರವ ತೋರಿಸಲು ಬೇರೆ ಪದ ಬೇಕಿಲ್ಲ, ಒಂದು ಪ್ರತ್ಯಯ ಸಾಕು. ಎಲ್ಲಕ್ಕಿಂತ ದೊಡ್ಡ ಕೊರತೆ ಬರೆಯದೆ ಬಿಟ್ಟಿರುವುದರಲ್ಲಿದೆ. ಈ ಕಾಯಿಲೆಯಲ್ಲಿ ಮಾತು ಕಡಿಮೆಯಾಗುವುದು, ಮುಖದಲ್ಲಿ ಭಾವನೆ ಕಾಣದಿರುವುದು, ಯಾವ ಕೆಲಸವನ್ನೂ ಆರಂಭಿಸಲು ಮನಸ್ಸು ಏಳದಿರುವುದು ಎಂಬ ಲಕ್ಷಣಗಳ ಗುಂಪೊಂದಿದೆ. ವೈದ್ಯರು ಇವನ್ನು ‘ನೆಗೆಟಿವ್’ ಲಕ್ಷಣಗಳೆನ್ನುತ್ತಾರೆ, ಇಲ್ಲಿ ನೆಗೆಟಿವ್ ಎಂದರೆ ಕೆಟ್ಟದ್ದು ಎಂದಲ್ಲ, ಇರಬೇಕಾದದ್ದು ಕುಂದಿರುವುದು ಎಂದು. ಮಾತು ಕೇಳಿಸುವುದು ಮಾತ್ರೆಯಿಂದ ಇಳಿದ ಮೇಲೂ ಇವು ಬಹುಕಾಲ ಉಳಿಯಬಲ್ಲವು, ಮತ್ತು ಮನೆಯವರು ಇವಕ್ಕೆ ಇಟ್ಟಿರುವ ಹೆಸರು ‘ಸೋಮಾರಿತನ’. ಕಾಯಿಲೆ ಇರುವವರು ಮನೆಯೊಳಗೆ ದಿನವೂ ಕೇಳುವ, ಅವರನ್ನು ಹೆಚ್ಚು ಕುಗ್ಗಿಸುವ ಪದ ಹುಚ್ಚಲ್ಲ, ಇದು. ಆದರೆ ಹೇಳಬಾರದ ಪದಗಳ ಪಟ್ಟಿಗಳಲ್ಲಿ ಇದಕ್ಕೆ ಜಾಗ ಸಿಗುವುದು ಅಪರೂಪ, ಏಕೆಂದರೆ ಅದು ಮನೋವೈದ್ಯದ ಪದದಂತೆ ಕಾಣುವುದಿಲ್ಲ.

ಇವನ್ನೆಲ್ಲ ಗಮನಿಸಿ ತಿದ್ದಿದ ಕರಡು ಹೀಗಿರಬಹುದು: ‘ಸ್ಕಿಜೋಫ್ರೇನಿಯಾ: ಯೋಚನೆ, ಭಾವನೆ ಮತ್ತು ಕಂಡು ಕೇಳುವ ಅನುಭವಗಳ ನಡುವೆ ಹೊಂದಿಕೆ ತಪ್ಪುವ ಒಂದು ಕಾಯಿಲೆ. ಇದು ಇರುವವರಿಗೆ ಯಾರೂ ಮಾತಾಡದಿದ್ದಾಗಲೂ ಮಾತು ಕೇಳಿಸಬಹುದು. ಯಾರೋ ತಮಗೆ ಕೇಡು ಮಾಡುತ್ತಿದ್ದಾರೆಂಬ ನಂಬಿಕೆ ಗಟ್ಟಿಯಾಗಿ ಕೂರಬಹುದು. ಮಾತಿನ ಎಳೆ ತಪ್ಪಬಹುದು. ಕೆಲಸದಲ್ಲಿ, ಜನರಲ್ಲಿ ಆಸಕ್ತಿ ಕಡಿಮೆಯಾಗುವುದೂ ಕಾಯಿಲೆಯ ಭಾಗವೇ, ಸೋಮಾರಿತನವಲ್ಲ. ಇದು ಎರಡು ವ್ಯಕ್ತಿತ್ವದ ಕಾಯಿಲೆ ಅಲ್ಲ. ಮಾತ್ರೆಯಿಂದಲೂ ಮನೆಯವರ ನೆರವಿನಿಂದಲೂ ಬಹಳ ಮಂದಿ ಸುಧಾರಿಸುತ್ತಾರೆ.’ ಇದು ಸುಂದರ ಗದ್ಯವೇನಲ್ಲ. ಆದರೆ ‘ಬಹುದು’ ಎಂಬ ಸಂಭಾವನಾ ರೂಪ ಎಲ್ಲರಿಗೂ ಎಲ್ಲ ಲಕ್ಷಣಗಳೂ ಇರುವುದಿಲ್ಲವೆಂದು ಹೇಳುತ್ತದೆ, ಚತುರ್ಥಿ ವಿಭಕ್ತಿ ಕಾಯಿಲೆಯನ್ನು ವ್ಯಕ್ತಿಯಿಂದ ಬೇರೆ ಇಡುತ್ತದೆ.

ಅಡ್ಡಪರಿಣಾಮಗಳ ನಮೂದುಗಳಿಗೂ ಇಷ್ಟೇ ಎಚ್ಚರ ಬೇಕು. ಈ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದ ಕೂತಲ್ಲಿ ಕೂರಲಾಗದ, ಕಾಲು ಆಡಿಸುತ್ತಲೇ ಇರಬೇಕೆನ್ನಿಸುವ ಸ್ಥಿತಿ ಬರುತ್ತದೆ. ಕುಳಿತುಕೊಳ್ಳಲಾಗದ್ದು ಎಂಬ ಅರ್ಥದ ಗ್ರೀಕ್ ಮೂಲದಿಂದ ಅದಕ್ಕೆ ‘ಅಕಥೀಸಿಯಾ’ ಎಂದು ಹೆಸರು. ಕನ್ನಡದ ‘ಚಡಪಡಿಕೆ’ ಅದಕ್ಕೆ ಅಳತೆ ತೆಗೆದು ಹೊಲಿದಂತಿದೆ, ಆದರೆ ಅದೇ ಪದವನ್ನು ಜನ ಆತಂಕಕ್ಕೂ ಬಳಸುವುದರಿಂದ ಮನೆಯವರು ಕಾಯಿಲೆ ಕೆರಳಿತೆಂದು ಮಾತ್ರೆ ಹೆಚ್ಚಿಸಲು ಕೇಳುವುದುಂಟು, ಹೆಚ್ಚಿಸಿದರೆ ತೊಂದರೆಯೂ ಹೆಚ್ಚುತ್ತದೆ. ‘ಮಾತ್ರೆ ಶುರುವಾದ ಮೇಲೆ ಅಥವಾ ಹೆಚ್ಚಿಸಿದ ಮೇಲೆ ಬಂದ ಚಡಪಡಿಕೆ’ ಎಂದು ಬರೆದು, ಆಗ ವೈದ್ಯರಿಗೆ ತಿಳಿಸಬೇಕು, ತಾವಾಗಿ ಮಾತ್ರೆ ನಿಲ್ಲಿಸಬಾರದು ಎಂದು ಸೇರಿಸಿದರೆ ಆ ಗೊಂದಲ ತಪ್ಪುತ್ತದೆ.

ಬರೆದ ನಮೂದು ಸರಿಯಿದೆಯೇ ಎಂಬುದನ್ನು ಸಮಿತಿಯ ಕೋಣೆಯಲ್ಲಿ ತೀರ್ಮಾನಿಸಲಾಗದು. ರೂಢಿಯಲ್ಲಿರುವ ಮೊದಲ ಪರೀಕ್ಷೆ ಮರು ಅನುವಾದ: ಮೂಲ ಇಂಗ್ಲಿಷನ್ನು ನೋಡದ ಇನ್ನೊಬ್ಬರು ಕನ್ನಡದ ನಮೂದನ್ನು ಮತ್ತೆ ಇಂಗ್ಲಿಷಿಗೆ ತರುತ್ತಾರೆ, ಎರಡನ್ನೂ ಹೋಲಿಸಲಾಗುತ್ತದೆ. ಈ ಪರೀಕ್ಷೆಗೆ ಒಂದು ಮೋಸವಿದೆ. ಸಂಸ್ಕೃತ ಪದಗಳು ಅದರಲ್ಲಿ ಬಹಳ ಚೆನ್ನಾಗಿ ಪಾಸಾಗುತ್ತವೆ. ‘ಇಚ್ಚಿತ್ತ ವಿಕಲತೆ’ಯನ್ನು ಓದಿದ ಅನುವಾದಕ ಕೂಡಲೇ ಸ್ಕಿಜೋಫ್ರೇನಿಯಾ ಎಂದು ಬರೆಯುತ್ತಾನೆ, ಏಕೆಂದರೆ ಅವನೂ ಅದೇ ನಿಘಂಟನ್ನು ಓದಿರುತ್ತಾನೆ. ಆದ್ದರಿಂದ ಹೆಚ್ಚು ತೂಕ ಕೊಡಬೇಕಾದದ್ದು ಎರಡನೆಯ ಪರೀಕ್ಷೆಗೆ. ಚೇತರಿಸಿಕೊಂಡಿರುವ ರೋಗಿಗಳು, ಆರೈಕೆ ಮಾಡುವ ಮನೆಯವರು, ಆಶಾ ಕಾರ್ಯಕರ್ತೆಯರು ಹೀಗೆ ಮೂರು ಗುಂಪುಗಳಿಂದ ಕೆಲವರನ್ನು ಕೂರಿಸಿಕೊಂಡು, ನಮೂದನ್ನು ಓದಿ ಹೇಳಿ, ಅವರದೇ ಮಾತಿನಲ್ಲಿ ಮತ್ತೆ ಹೇಳಲು ಕೇಳಬೇಕು. ಆಮೇಲೆ ಇನ್ನೊಂದು ಪ್ರಶ್ನೆ: ಈ ಪದವನ್ನು ನಿಮ್ಮ ಮನೆಯವರ ಬಗ್ಗೆ ನೆರೆಯವರು ಬಳಸಿದರೆ ನಿಮಗೆ ಹೇಗನ್ನಿಸುತ್ತದೆ? ಅರ್ಥವಾಯಿತೇ ಎಂದು ನೇರವಾಗಿ ಕೇಳುವುದರಿಂದ ಪ್ರಯೋಜನವಿಲ್ಲ, ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತ ಯಾರೂ ಇಲ್ಲ ಎನ್ನುವುದಿಲ್ಲ.

‘ಬೇಜಾರು’ ಪದದ ಸಮಸ್ಯೆ ಬಯಲಾಗುವುದು ಇಂಥ ಕೂಟಗಳಲ್ಲೇ. ಖಿನ್ನತೆ ಪತ್ರಿಕೆಗಳಿಂದಾಗಿ ಪರಿಚಿತವಾದ ಪದ, ಆದರೆ ರೋಗಿಗಳು ತಮ್ಮ ಬಗ್ಗೆ ಅದನ್ನು ಹೇಳಿಕೊಳ್ಳುವುದು ಕಡಿಮೆ. ಅವರ ಬಾಯಲ್ಲಿ ಬರುವುದು ಬೇಜಾರು, ಉತ್ತರ ಕರ್ನಾಟಕದಲ್ಲಿ ಬ್ಯಾಸರ, ಇಲ್ಲವೇ ಸುಸ್ತು, ಎದೆ ಭಾರ, ತಲೆ ಉರಿ. ಕೆಲಸವಿಲ್ಲದ ಮಧ್ಯಾಹ್ನಕ್ಕೂ, ನೆಂಟರು ಕರೆಯದೆ ಹೋದದ್ದಕ್ಕೂ ಬೇಜಾರೆಂದೇ ಹೇಳುವುದರಿಂದ ಆ ಪದದ ಮೇಲೆ ಮಾತ್ರ ಕಾಯಿಲೆಯನ್ನು ನಿಲ್ಲಿಸಲಾಗದು. ಎರಡು ವಾರ, ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನ ಎಂಬ ಅವಧಿಯ ಅಳತೆಯನ್ನು ಅದರ ಪಕ್ಕದಲ್ಲಿ ಇಟ್ಟಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಆತ್ಮಹತ್ಯೆಯ ನಮೂದಿನಲ್ಲಿ ಕನ್ನಡಕ್ಕೇ ವಿಶಿಷ್ಟವಾದ ತೊಡಕೊಂದಿದೆ. ಹತ್ಯೆ ಎಂಬಲ್ಲಿ ಅಪರಾಧದ ಅರ್ಥ ಇದ್ದೇ ಇದೆ, ಆದರೂ ಎಲ್ಲರಿಗೂ ತಿಳಿಯುವ ಇನ್ನೊಂದು ಪದವಿಲ್ಲದ್ದರಿಂದ ಅದನ್ನು ಉಳಿಸಿಕೊಳ್ಳಬೇಕಾಗುತ್ತದೆ. ಬಿಡಬಹುದಾದದ್ದು ಮತ್ತು ಬಿಡಬೇಕಾದದ್ದು ಅದರ ಜೊತೆಗೆ ಪತ್ರಿಕೆಗಳು ಅಂಟಿಸಿರುವ ‘ಶರಣು’. ವಚನಕಾರರಿಂದ ಬಂದ ಭಕ್ತಿಯ ಪದವೊಂದು ಸಾವಿನ ಶೀರ್ಷಿಕೆಗಳಲ್ಲಿ ಸೇರಿಕೊಂಡು ಆ ಕೃತ್ಯಕ್ಕೆ ಸಮರ್ಪಣೆಯ ಗೌರವ ತಂದುಕೊಡುತ್ತಿರುವುದು ವಿಚಿತ್ರವಾಗಿದೆ. ‘ಯತ್ನ ವಿಫಲ’ ಎಂಬುದೂ ಬೇಡ, ಬದುಕುಳಿದದ್ದು ವೈಫಲ್ಯವಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಸೆಕ್ಷನ್ ಪ್ರಕಾರ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು. ಇದನ್ನು ನಮೂದಿನಲ್ಲೇ ತಿಳಿಸಿದರೆ ಪೊಲೀಸರ ಭಯದಿಂದ ವಿಷಯ ಮುಚ್ಚಿಡುವ ಮನೆಯವರಿಗೆ ನೆರವಾಗುತ್ತದೆ. ‘ಸಾಯಬೇಕು ಅನ್ನಿಸುತ್ತಾ?’ ಎಂದು ಸರಳವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲವೆಂಬ ಸಾಲೂ, ಕನ್ನಡದಲ್ಲೂ ಉತ್ತರಿಸುವ ಟೆಲಿ ಮನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಯೂ ಅಲ್ಲಿರಬೇಕು.

ಕೊನೆಗೆ ಉಳಿಯುವುದು ಗುಣವಾಗುವುದರ ಹೆಸರು. ‘ವಾಸಿಯಾಗಿದೆ’ ಎಂದು ಕೇಳಿದವರು ಜ್ವರ ಬಿಟ್ಟಾಗ ಮಾಡುವಂತೆ ಮಾತ್ರೆ ನಿಲ್ಲಿಸುತ್ತಾರೆ, ಸ್ಕಿಜೋಫ್ರೇನಿಯಾದಲ್ಲಾದರೋ ಮೊದಲ ಸಲ ಕಾಯಿಲೆ ಬಂದವರೂ ಲಕ್ಷಣಗಳು ಇಳಿದ ಮೇಲೆ ಕನಿಷ್ಠ ಒಂದೆರಡು ವರ್ಷ ಔಷಧ ಮುಂದುವರಿಸಬೇಕಾಗುತ್ತದೆ. ‘ಹತೋಟಿಯಲ್ಲಿದೆ’ ಎನ್ನುವುದು ನಿಜಕ್ಕೆ ಹತ್ತಿರವಾದರೂ ಬೆಂಕಿಯ ಬಗ್ಗೆಯೋ ಗಲಭೆಯ ಬಗ್ಗೆಯೋ ಹೇಳಿದಂತಿರುತ್ತದೆ. ‘ಚೇತರಿಕೆ’ ಬರಹಕ್ಕೆ ಒಗ್ಗುತ್ತದೆ. ಮಾತಿಗೆ ಮಾತ್ರ ಮನೆಮನೆಯ ‘ಹುಷಾರು’ ಎಲ್ಲಕ್ಕಿಂತ ಮೇಲು. ಕನ್ನಡದಲ್ಲಿ ಅದಕ್ಕೆ ಮೈ ನೆಟ್ಟಗಿರುವುದು ಎಂದೂ ಅರ್ಥ, ಎಚ್ಚರದಿಂದಿರುವುದು ಎಂದೂ ಅರ್ಥ. ‘ಈಗ ಹುಷಾರಾಗಿದ್ದಾರೆ, ಮಾತ್ರೆಯ ವಿಷಯದಲ್ಲಿ ಹುಷಾರಾಗಿರಬೇಕು’ ಎಂದರೆ ಡಿಸ್ಚಾರ್ಜ್ ದಿನ ಹೇಳಬೇಕಾದದ್ದನ್ನು ಬಹುಮಟ್ಟಿಗೆ ಹೇಳಿದಂತಾಗುತ್ತದೆ, ಮತ್ತು ಅದನ್ನು ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.